ನಕ್ಷೆ ನೋಡಿ ಬಹುಪದೋಕ್ತಿ ಬರೆಯುವುದು ಹೇಗೆ?

ಪ್ರಶ್ನೆ: ನಕ್ಷೆಯೊಂದು x-ಅಕ್ಷವನ್ನು −3ರಲ್ಲಿ ದಾಟುತ್ತದೆ, 2ರಲ್ಲಿ ಮುಟ್ಟಿ ಹಿಂದಿರುಗುತ್ತದೆ, (0, −6) ಬಿಂದುವಿನ ಮೂಲಕ ಹಾದುಹೋಗುತ್ತದೆ. ಕನಿಷ್ಠ ಘಾತದ ಬಹುಪದೋಕ್ತಿ ಯಾವುದು? ನನಗೆ x² + x − 6 ಬಂತು. ಮೂರೂ ಬಿಂದುಗಳು ಹೊಂದುತ್ತವೆ. ಆದರೂ ಅದು ತಪ್ಪೇಕೆ?

ಉತ್ತರ: ನಿಮ್ಮ ಉತ್ತರ ಬಿಂದುಗಳಿಗೆ ಹೊಂದುತ್ತದೆ, ನಕ್ಷೆಯ ಆಕಾರಕ್ಕೆ ಹೊಂದುವುದಿಲ್ಲ. ನಿಮ್ಮ ಪರವಲಯ 2ರಲ್ಲಿ ಅಕ್ಷವನ್ನು ದಾಟಿ ಮೇಲೇರುತ್ತದೆ. ಕೊಟ್ಟ ನಕ್ಷೆ ಅಲ್ಲಿ ದಾಟುವುದೇ ಇಲ್ಲ.

ದಾಟುವುದೆಂದರೆ ಅಲ್ಲಿ ಬೆಲೆಯ ಚಿಹ್ನೆ ಬದಲಾಗುತ್ತದೆ. ಅದಕ್ಕೆ ಆ ಅಪವರ್ತನದ ಘಾತ ಬೆಸವಾಗಿರಬೇಕು. ಮುಟ್ಟಿ ಹಿಂದಿರುಗಿದರೆ ಚಿಹ್ನೆ ಬದಲಾಗದು, ಆದ್ದರಿಂದ ಘಾತ ಸಮ. ಕನಿಷ್ಠ ಘಾತ ಬೇಕಿರುವುದರಿಂದ ದಾಟುವಲ್ಲಿ 1, ಮುಟ್ಟುವಲ್ಲಿ 2 ಸಾಕು. ದಾಟುವ ಮುನ್ನ ಗೆರೆ ಅಕ್ಷದ ಮೇಲೆ ಮಲಗಿದಂತೆ ಚಪ್ಪಟೆಯಾಗಿದ್ದರೆ ಮಾತ್ರ 3 ತೆಗೆದುಕೊಳ್ಳಿ. ಹಾಗಾಗಿ ಇಲ್ಲಿ:

f(x) = a(x + 3)(x − 2)²

ನಕ್ಷೆಯನ್ನು ಲಂಬವಾಗಿ ಎಷ್ಟೇ ಹಿಗ್ಗಿಸಿದರೂ, ತಲೆಕೆಳಗು ಮಾಡಿದರೂ ಅಕ್ಷದ ಮೇಲಿನ ಬಿಂದುಗಳು ಕದಲವು. ಹೀಗಾಗಿ a ತಿಳಿಯಲು ಅಕ್ಷದ ಹೊರಗಿನ ಒಂದು ಬಿಂದು ಬೇಕು. x = 0 ಆದೇಶಿಸಿದರೆ a × 3 × 4 = −6, ಅಂದರೆ a = −½.

f(x) = −½(x + 3)(x − 2)²

ಕೊನೆಗೆ ತುದಿಗಳನ್ನು ನೋಡಿ ತಾಳೆಹಾಕಿ. ಘಾತ 3, a ಋಣ: ಎಡತುದಿ ಮೇಲಕ್ಕೆ, ಬಲತುದಿ ಕೆಳಕ್ಕೆ ಹೋಗಬೇಕು. x = 4ರಲ್ಲಿ ಈ ಬಹುಪದೋಕ್ತಿಯ ಬೆಲೆ −14, ನಿಮ್ಮದರ ಬೆಲೆ +14. ನಕ್ಷೆ ಅಲ್ಲಿ ಅಕ್ಷದ ಕೆಳಗಿರುವುದರಿಂದ ಸರಿಯಾದದ್ದು ಯಾವುದೆಂಬುದು ಸ್ಪಷ್ಟ.