‘ಹೊಟ್ಟೆನೋವು ಅಂತ ಹೇಳ್ಬೇಡ’

ತುಮಕೂರಿನ ಹಾಸ್ಟೆಲೊಂದರಲ್ಲಿ ಹತ್ತೊಂಬತ್ತು ವರ್ಷದ ಮಂಜು ರಾತ್ರಿ ಎರಡು ಗಂಟೆಗೆ ನೋವಿನಿಂದ ಎಚ್ಚರಗೊಂಡ. ಮಂಜು ಕಥೆಯ ಹುಡುಗ. ಆದರೆ ಅವನಿಗೆ ಆ ರಾತ್ರಿ ಆದದ್ದೆಲ್ಲ ಕ್ಯಾಶುವಾಲ್ಟಿಯ ವೈದ್ಯರಿಗೆ ಚಿರಪರಿಚಿತ.

ನೋವಿದ್ದದ್ದು ಎಡಗಡೆಯ ವೃಷಣದಲ್ಲಿ. ಅಲ್ಲಿಂದ ಕಿಬ್ಬೊಟ್ಟೆಯವರೆಗೂ ಹಿಂಡಿದಂತಾಗಿ ಅವನಿಗೆ ಎರಡು ಸಲ ವಾಂತಿಯಾಯಿತು. ಪಕ್ಕದ ಮಂಚದಲ್ಲಿದ್ದ ಇರ್ಫಾನ್ ಎದ್ದು ಏನಾಯಿತೆಂದು ಕೇಳಿದಾಗ, ‘ಮೆಸ್ ಊಟ ಸರಿ ಹೋಗ್ಲಿಲ್ಲ, ಹೊಟ್ಟೆನೋವು’ ಎಂದ. ಗ್ಯಾಸಿನ ಮಾತ್ರೆ ನುಂಗಿ, ಮೊಣಕಾಲು ಮಡಚಿಕೊಂಡು ಮಲಗಿದ. ಬೆಳಗಾದರೆ ಸರಿಹೋಗುತ್ತದೆ ಎಂದುಕೊಂಡ. ಸರಿಹೋಗದಿದ್ದರೆ ಯಾರ ಮುಂದೆ ಹೇಗೆ ಬಾಯಿಬಿಡುವುದು ಎಂಬ ಸಂಕೋಚ ನೋವಿಗಿಂತ ಹೆಚ್ಚಾಗಿ ಅವನನ್ನು ಕಾಡುತ್ತಿತ್ತು.

ಅವನಿಗೆ ಆಗಿದ್ದದ್ದು ವೃಷಣದ ತಿರುಚುವಿಕೆ. ವೈದ್ಯರು ಇದನ್ನು ಟಾರ್ಷನ್ ಎನ್ನುತ್ತಾರೆ. ವೃಷಣಕ್ಕೆ ರಕ್ತ ಬರುವುದು ಮೇಲಿನಿಂದ ಇಳಿಯುವ ಒಂದು ನಾಳಗಳ ಕಟ್ಟಿನ ಮೂಲಕ. ಸಾಮಾನ್ಯವಾಗಿ ವೃಷಣ ಚೀಲದೊಳಗೆ ಹಿಂಬದಿಗೆ ಅಂಟಿಕೊಂಡಿರುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಈ ಹಿಡಿತವಿರುವುದಿಲ್ಲ. ಗಂಟೆಯೊಳಗಿನ ನಾಲಗೆಯ ಹಾಗೆ ವೃಷಣ ಸಡಿಲವಾಗಿ ತೂಗುತ್ತಿರುತ್ತದೆ. ಅದು ಸುತ್ತಿಕೊಂಡಾಗ ಕಟ್ಟು ಹುರಿಗೊಂಡು ರಕ್ತ ನಿಂತುಹೋಗುತ್ತದೆ. ಏಟು ಬಿದ್ದೇ ಹೀಗಾಗಬೇಕೆಂದಿಲ್ಲ, ನಿದ್ದೆಯಲ್ಲೂ ಆಗಬಹುದು. ಹೆಚ್ಚಾಗಿ ಕಾಣಿಸುವುದು 12ರಿಂದ 18ರ ವಯಸ್ಸಿನವರಲ್ಲಿ, ಆದರೆ ಇಪ್ಪತ್ತು ದಾಟಿದವರಿಗೂ ಬರಬಹುದು.

ನಾಲ್ಕು ಗಂಟೆಯ ಸುಮಾರಿಗೆ ಮಂಜು ಬಚ್ಚಲಿಗೆ ಹೋಗಿಬಂದ. ಬಗ್ಗಿಕೊಂಡು, ಕಾಲು ಅಗಲಿಸಿ ನಡೆಯುತ್ತಿದ್ದವನನ್ನು ಇರ್ಫಾನ್ ಕಂಡ.

‘ಹೊಟ್ಟೆ ಅಲ್ಲ ಅಲ್ವಾ?’

ಮಂಜು ಸುಮ್ಮನಿದ್ದ.

‘ನಮ್ಮಣ್ಣಂಗೂ ಹಿಂಗೇ ಆಗಿತ್ತು ಕಣೋ. ಮನೇಲಿ ಹೊಟ್ಟೆನೋವು ಅಂದಿದ್ದ. ಮಾರನೇ ದಿನ ನೋವು ಕಮ್ಮಿ ಆಯ್ತು, ವಾಸಿ ಆಯ್ತು ಅಂತ ಸುಮ್ನಾದ. ಅದು ವಾಸಿ ಆಗಿದ್ದಲ್ಲ, ಸತ್ತೋಗಿತ್ತು. ಆಪರೇಷನ್ ಮಾಡಿ ತೆಗೆದ್ರು. ಡಾಕ್ಟ್ರು ಒಂದೇ ಕೇಳಿದ್ದು, ಎಷ್ಟೊತ್ತಿಗೆ ಶುರುವಾಯ್ತು ಅಂತ. ನಿಂದು ಎಷ್ಟೊತ್ತಿಗೆ ಶುರುವಾಯ್ತು?’

‘ಎರಡು ಗಂಟೆಗೆ.’

‘ಹಂಗಾದ್ರೆ ಟೈಮಿದೆ, ಏಳು. ಅಲ್ಲಿ ಹೋಗಿ ಹೊಟ್ಟೆನೋವು ಅಂತ ಹೇಳ್ಬೇಡ. ಎಲ್ಲಿ ನೋವು ಅನ್ನೋದನ್ನ ಹೇಳು.’

ಆ ಪ್ರಶ್ನೆ ಮಂಜುವಿನ ಮನಸ್ಸು ಬದಲಿಸಿತು. ಅಲ್ಲಿಯವರೆಗೆ ಮಾನದ ವಿಷಯವಾಗಿದ್ದದ್ದು ಈಗ ಹೊತ್ತಿನ ವಿಷಯವಾಯಿತು. ಇರ್ಫಾನ್ ಹೇಳಿದ್ದು ವೈದ್ಯಕೀಯವಾಗಿಯೂ ಸರಿ. ಆರು ಗಂಟೆಯೊಳಗೆ ತಿರುಚು ಬಿಡಿಸಿದರೆ ಸಾಮಾನ್ಯವಾಗಿ ವೃಷಣ ಉಳಿಯುತ್ತದೆ. ಹನ್ನೆರಡು ಗಂಟೆಯಾದರೆ ಉಳಿಯುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ದಿನ ಕಳೆದರೆ ಉಳಿಯುವುದು ಅಪರೂಪ.

ಕ್ಯಾಶುವಾಲ್ಟಿಯಲ್ಲಿ ಮಂಜು ತಲೆತಗ್ಗಿಸಿಯೇ ಹೇಳಿದ: ‘ಸರ್, ಎಡಗಡೆ ಬೀಜದಲ್ಲಿ ನೋವು. ರಾತ್ರಿ ಎರಡಕ್ಕೆ ಶುರುವಾಯ್ತು.’ ವೈದ್ಯರು ತಕ್ಷಣ ಪರದೆ ಎಳೆದು ಪರೀಕ್ಷಿಸಿದರು. ಎಡ ವೃಷಣ ಮೇಲಕ್ಕೆ ಸರಿದು ಅಡ್ಡಕ್ಕೆ ತಿರುಗಿತ್ತು. ತೊಡೆಯ ಒಳಬದಿಯನ್ನು ಮೃದುವಾಗಿ ಸವರಿದರೆ ಆ ಬದಿಯ ವೃಷಣ ಸಾಮಾನ್ಯವಾಗಿ ಮೇಲೇಳುತ್ತದೆ, ಇಲ್ಲಿ ಅಲುಗಲಿಲ್ಲ. ಅನುಮಾನವಿದ್ದರೆ ರಕ್ತದ ಓಟ ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ. ಲಕ್ಷಣ ಇಷ್ಟು ಸ್ಪಷ್ಟವಿದ್ದಾಗ ಅದಕ್ಕೂ ಕಾಯುವುದಿಲ್ಲ. ಆರು ಗಂಟೆಯ ಹೊತ್ತಿಗೆ ಮಂಜು ಆಪರೇಷನ್ ಥಿಯೇಟರಿನಲ್ಲಿದ್ದ. ಒಂದೂವರೆ ಸುತ್ತು ತಿರುಚಿಕೊಂಡು ಕಪ್ಪು ನೀಲಿಗಟ್ಟಿದ್ದ ವೃಷಣವನ್ನು ಬಿಡಿಸಿ, ಬಿಸಿ ಬಟ್ಟೆಯಲ್ಲಿ ಸುತ್ತಿ ಕಾದರು. ಬಣ್ಣ ಮರಳಿತು. ಹುಟ್ಟಿನ ಆ ಸಡಿಲ ಎರಡೂ ಕಡೆ ಇರುವುದು ಸಾಮಾನ್ಯವಾದ್ದರಿಂದ ಬಲಗಡೆಯದನ್ನೂ ಸೇರಿಸಿ ಎರಡಕ್ಕೂ ಹೊಲಿಗೆ ಹಾಕಿ ಭದ್ರ ಮಾಡಿದರು.

ಒಂದು ವೃಷಣ ಹೋದರೂ ಇನ್ನೊಂದು ಚೆನ್ನಾಗಿದ್ದರೆ ಗಂಡಸುತನಕ್ಕೆ ಕೊರತೆಯಿಲ್ಲ, ಸಾಮಾನ್ಯವಾಗಿ ಮಕ್ಕಳೂ ಆಗುತ್ತವೆ. ಇರ್ಫಾನನ ಅಣ್ಣನಂಥವರು ಇದನ್ನು ತಿಳಿದಿರಬೇಕು.

ವೃಷಣದ ನೋವೆಲ್ಲ ತಿರುಚುವಿಕೆಯಲ್ಲ. ಸೋಂಕಾದರೆ ನೋವು ಬಹುಮಟ್ಟಿಗೆ ನಿಧಾನವಾಗಿ ಏರುತ್ತದೆ. ಜ್ವರ, ಉರಿಮೂತ್ರ ಇರಬಹುದು. ಕ್ಯಾನ್ಸರಿನ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲ, ಆದ್ದರಿಂದ ನೋವಿಲ್ಲದ ಗಂಟನ್ನೂ ತೋರಿಸಬೇಕು. ಯಾವುದು ಯಾವುದೆಂದು ಮನೆಯಲ್ಲಿ ಕುಳಿತು ತೀರ್ಮಾನಿಸಲಾಗದು. ದಿಢೀರನೆ ಒಂದು ಬದಿಯಲ್ಲಿ ತೀವ್ರ ನೋವು ಬಂದರೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಆಗಲೇ ಹೊರಡಬೇಕು. ಅರಿವಳಿಕೆ ಕೊಡಬೇಕಾಗಬಹುದಾದ್ದರಿಂದ ದಾರಿಯಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು.

ಆಪರೇಷನ್ ಮುಗಿದ ಮೇಲೆ ವೈದ್ಯರು ಕೇಳಿದಾಗ ಮಂಜು ಇನ್ನೊಂದು ಸಂಗತಿ ಬಾಯಿಬಿಟ್ಟ. ಹಿಂದೆಯೂ ಎರಡು ಸಲ ಇಂಥದೇ ನೋವು ಬಂದು, ತಾನಾಗಿಯೇ ಹೋಗಿತ್ತು. ವೃಷಣ ತಿರುಚಿ, ತಾನೇ ಬಿಚ್ಚಿಕೊಂಡಾಗ ಹೀಗಾಗುತ್ತದೆ. ಬಂದು ಹೋಗುವ ಇಂಥ ನೋವನ್ನು ಅಂದೇ ತೋರಿಸಿದ್ದರೆ ಹಗಲಿನಲ್ಲಿ, ದಿನ ಗೊತ್ತುಮಾಡಿ, ಇದೇ ಹೊಲಿಗೆ ಹಾಕಿಸಿಕೊಳ್ಳಬಹುದಿತ್ತು.