ಶುಲ್ಕದ ನೆರವು ಕೋರುವ ಪತ್ರ: ಲೆಕ್ಕ ಬಯಲಾಗಿರಲಿ, ಮಗುವಿನ ಹೆಸರು ಮರೆಯಲ್ಲಿರಲಿ

ಕಡ್ಡಾಯ ಶಿಕ್ಷಣ ಕಾಯ್ದೆಯ ಉಚಿತ ಶಿಕ್ಷಣ 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ. ಔರಾದ ಶಹಾಜನಿ, ಉಮರ್ಗಾ, ಉದಗೀರ ಭಾಗದ ಕನ್ನಡ ಮಕ್ಕಳು ಹತ್ತನೆಯ ತರಗತಿಯ ನಂತರ ಭಾಲ್ಕಿಗೋ ಬೀದರಕ್ಕೋ ಹೊರಟಾಗ ಶುಲ್ಕದ ಪ್ರಶ್ನೆ ಎದುರಾಗುತ್ತದೆ. ಕರ್ನಾಟಕದ ವಿದ್ಯಾರ್ಥಿವೇತನಗಳಿಗೆ ಸಾಮಾನ್ಯವಾಗಿ ಅಲ್ಲಿಯ ನಿವಾಸಿಗಳೇ ಅರ್ಹರು. ಆಗ ನಾವು ಶಿಕ್ಷಕರು ಹಳೆಯ ವಿದ್ಯಾರ್ಥಿಗಳ ಬಳಗಕ್ಕೆ ಪತ್ರ ಬರೆಯಬೇಕಾಗುತ್ತದೆ.

ಬರೆಯುವ ಮೊದಲು ಎರಡು ಕೆಲಸಗಳಿವೆ. ಕಾಲೇಜಿನಿಂದ ಶುಲ್ಕದ ವಿವರವನ್ನು ಲಿಖಿತವಾಗಿ ಪಡೆಯಬೇಕು. ಕರಡನ್ನು ಪಾಲಕರಿಗೂ ಮಗುವಿಗೂ ಓದಿ ಹೇಳಿ, ಅವರು ಬೇಡವೆಂದ ಮಾತನ್ನು ತೆಗೆಯಬೇಕು. ಹೆಸರು, ಭಾವಚಿತ್ರ, ಜಾತಿ, ಮನೆಯ ಕಷ್ಟದ ವರ್ಣನೆ ಪತ್ರದಲ್ಲಿ ಬೇಡ. ಸಣ್ಣ ಊರಿನಲ್ಲಿ "ತಂದೆಯಿಲ್ಲದ ಹುಡುಗಿ" ಎಂಬ ಒಂದೇ ಮಾತಿನಿಂದ ಗುರುತು ಸಿಕ್ಕಿಬಿಡುತ್ತದೆ.

ಮಾದರಿಗಾಗಿ ಕಲ್ಪಿತ ಅಂಕಿಗಳೊಂದಿಗೆ ಒಂದು ಪತ್ರ:

"ಆತ್ಮೀಯ ಹಳೆಯ ವಿದ್ಯಾರ್ಥಿ ಮಿತ್ರರೇ, ಸಪ್ರೇಮ ನಮಸ್ಕಾರಗಳು. ನಮ್ಮ ಶಾಲೆಯಿಂದ ಈ ವರ್ಷ ತೇರ್ಗಡೆಯಾದ ಒಬ್ಬ ವಿದ್ಯಾರ್ಥಿಗೆ ಪದವಿಪೂರ್ವ ಪ್ರವೇಶ ದೊರೆತಿದೆ. ವಾರ್ಷಿಕ ಶುಲ್ಕ 11,000, ಪರೀಕ್ಷಾ ಶುಲ್ಕ 700, ಪುಸ್ತಕಗಳಿಗೆ 1,800, ಒಟ್ಟು 13,500 ರೂಪಾಯಿ. ಕುಟುಂಬವು 3,500 ಭರಿಸುತ್ತದೆ. ಬೇಕಿರುವುದು 10,000. ಜೂನ್ 20ರೊಳಗೆ ತಮಗೆ ಅನುಕೂಲವಾದಷ್ಟು ನೀಡಬಹುದು. ನೀಡಲಾಗದಿದ್ದರೆ ಸಂಕೋಚ ಬೇಡ. ಮೊತ್ತ ತುಂಬಿದ ದಿನವೇ ಸಂಗ್ರಹ ನಿಲ್ಲಿಸುತ್ತೇವೆ. ಶುಲ್ಕವನ್ನು ಕಾಲೇಜಿಗೇ ನೇರವಾಗಿ ಕಟ್ಟಿ, ಹೆಸರು ಮರೆಮಾಡಿದ ರಸೀದಿಯನ್ನು ಕಳುಹಿಸುತ್ತೇವೆ. ಹಣ ಉಳಿದರೆ ಅದೇ ವಿದ್ಯಾರ್ಥಿಯ ಮುಂದಿನ ವರ್ಷದ ಶುಲ್ಕಕ್ಕೆ ಮೀಸಲು."

ಇಲ್ಲಿ "ಕುಟುಂಬವು 3,500 ಭರಿಸುತ್ತದೆ" ಎಂಬ ಸಾಲು ಮುಖ್ಯವಾದುದು. ಅದರಿಂದ ಪಾಲಕರು ಬೇಡುವವರಾಗದೆ ಪಾಲುದಾರರಾಗುತ್ತಾರೆ. ಅವರಿಂದ ಸಾಧ್ಯವಿರುವಷ್ಟನ್ನೇ ಬರೆಯಬೇಕು.

ತೊಡಕು ಹೆಚ್ಚಾಗಿ ಹಣ ಬರತೊಡಗಿದ ಮೇಲೆ ಹುಟ್ಟುತ್ತದೆ. ಒಬ್ಬರ ಸ್ವಂತ ಖಾತೆಗೆ ಬಂದ ಹಣ ಮನೆಖರ್ಚಿನೊಡನೆ ಬೆರೆತರೆ, ಪ್ರಾಮಾಣಿಕರೂ ಲೆಕ್ಕ ಕೊಡಲು ತಡವರಿಸುತ್ತಾರೆ. ಇಬ್ಬರ ಜಂಟಿ ಖಾತೆ ಒಳ್ಳೆಯದು. ಅದಾಗದಿದ್ದರೆ ಒಬ್ಬರು ಹಣ ಪಡೆಯಲಿ, ಇನ್ನೊಬ್ಬರು ಲೆಕ್ಕ ಬರೆಯಲಿ. ಬಳಗಕ್ಕೆ ಒಟ್ಟು ಮೊತ್ತವನ್ನಷ್ಟೇ ತಿಳಿಸಬೇಕು. ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಹಾಕಿದರೆ ನೂರು ರೂಪಾಯಿ ಕೊಡಬಲ್ಲವರು ಹಿಂಜರಿಯುತ್ತಾರೆ.

ಕೊನೆಯ ಲೆಕ್ಕ ಮೂರೇ ಸಾಲು: ಬಂದದ್ದು 10,400, ಕುಟುಂಬದ್ದು 3,500, ಖರ್ಚು 13,500. ಉಳಿದದ್ದು 400. ರಸೀದಿಗಳ ಮೊತ್ತ ಖರ್ಚಿನೊಡನೆ, ಖಾತೆಯ ಶಿಲ್ಕು ಉಳಿಕೆಯೊಡನೆ ತಾಳೆಯಾದರೆ ಲೆಕ್ಕ ಸರಿಯಿದೆ. ಮೊತ್ತ ತುಂಬದೆ ಹೋದರೆ ಅದನ್ನೂ ತಿಳಿಸಿ, ಕಂತಿಗೆ ಅವಕಾಶ ಕೊಡುವಂತೆ ಕಾಲೇಜನ್ನು ಲಿಖಿತವಾಗಿ ಕೋರಬೇಕು.