ಎಪ್ಪತ್ತರ ಭಾಗಾಕಾರ

ಪೀಣ್ಯದ ಕಾರ್ಖಾನೆಯೊಂದರ ಫಿಟರ್ 40,000 ರೂಪಾಯಿ ಸಂಬಳ ಪಡೆಯುತ್ತಿದ್ದಾಗ ನಿವೃತ್ತರಾದರು ಎಂದುಕೊಳ್ಳೋಣ. ಅವರಿಗೆ ಪಿಎಫ್ ಕಚೇರಿಯಿಂದ ಬರುವ ತಿಂಗಳ ಪಿಂಚಣಿ ಸುಮಾರು 3,007 ರೂಪಾಯಿ. ಇಷ್ಟು ಕಡಿಮೆ ಏಕೆ?

ನೌಕರರ ಪಿಂಚಣಿ ಯೋಜನೆ, 1995ರ ಸೂತ್ರ ಸರಳ. ಪಿಂಚಣಿಗೆ ಅರ್ಹವಾದ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಬೇಕು. ಅಂದರೆ ದುಡಿದ ಪ್ರತಿ ವರ್ಷಕ್ಕೂ ಸಂಬಳದ ಎಪ್ಪತ್ತನೇ ಒಂದು ಭಾಗ ಪಿಂಚಣಿಗೆ ಸೇರುತ್ತದೆ. 35 ವರ್ಷ ದುಡಿದರೆ ಅರ್ಧ ಸಂಬಳ. ಷೇರುಪೇಟೆಯ ಏರಿಳಿತಕ್ಕೂ ಇದಕ್ಕೂ ಸಂಬಂಧವಿಲ್ಲ.

ತೊಡಕಿರುವುದು ‘ಸಂಬಳ’ದಲ್ಲಿ. ಅದು ಕೊನೆಯ ತಿಂಗಳ ಸಂಬಳವಲ್ಲ, ಕೊನೆಯ 60 ತಿಂಗಳ ಸರಾಸರಿ. ಅದಕ್ಕೂ ಮಿತಿಯಿದೆ: 2014ರ ಸೆಪ್ಟೆಂಬರ್‌ಗೆ ಮೊದಲಿನ ಸೇವೆಗೆ 6,500 ರೂಪಾಯಿ, ನಂತರದ್ದಕ್ಕೆ 15,000.

ನಮ್ಮ ಫಿಟರ್ 2007ರ ಸೆಪ್ಟೆಂಬರ್‌ನಲ್ಲಿ ಸೇರಿ, 2025ರ ಆಗಸ್ಟ್ ಕೊನೆಯಲ್ಲಿ 58 ತುಂಬಿ ಹೊರಬಂದವರು. ಮೊದಲ 7 ವರ್ಷಕ್ಕೆ 6,500 × 7 ÷ 70, ಅಂದರೆ 650 ರೂಪಾಯಿ. ಉಳಿದ 11 ವರ್ಷಕ್ಕೆ 15,000 × 11 ÷ 70, ಅಂದರೆ 2,357. ಎರಡೂ ಕೂಡಿ 3,007. ಅವರ 40,000 ಈ ಲೆಕ್ಕದೊಳಗೆ ಬರಲೇ ಇಲ್ಲ. ಜೀವಮಾನವಿಡೀ ದುಡಿದವರಿಗೆ ಇದು ನ್ಯಾಯವಾದ ಮೊತ್ತವಲ್ಲ.

ಸಂಬಳದ ಮಿತಿ ನೌಕರರ ಕೈಯಲ್ಲಿಲ್ಲ, ಸೇವೆಯ ವರ್ಷಗಳು ಸ್ವಲ್ಪಮಟ್ಟಿಗೆ ಇವೆ. ಕನಿಷ್ಠ 10 ವರ್ಷ ಸೇವೆಯಿಲ್ಲದಿದ್ದರೆ ತಿಂಗಳ ಪಿಂಚಣಿ ಇಲ್ಲ. ಕೆಲಸ ಬದಲಿಸುವಾಗ ಫಾರಂ 10-ಸಿ ತುಂಬಿ ಪಿಂಚಣಿ ಹಣ ವಾಪಸ್ ಪಡೆದರೆ ಅಷ್ಟು ವರ್ಷಗಳು ಅಳಿಸಿಹೋಗುತ್ತವೆ. ಹಣ ತೆಗೆಯಬೇಡಿ, ಹಳೆಯ ಸೇವೆಯನ್ನು ಹೊಸ ಖಾತೆಗೆ ವರ್ಗಾಯಿಸಿಕೊಳ್ಳಿ.